ಡಿಪ್ ವ್ಯತ್ಯಾಸ: ಅದು ನಷ್ಟದ ಇನ್ನೊಂದು ಹೆಸರಲ್ಲ

ಪೆಟ್ರೋಲ್ ಬಂಕಿನ ಸ್ಟಾಕ್ ರಿಜಿಸ್ಟರಿನಲ್ಲಿ ಕೊನೆಯ ಕಾಲಂಗೆ ‘ವ್ಯತ್ಯಾಸ’ ಎಂಬ ತಲೆಬರಹವಿರುತ್ತದೆ. ಅದರ ಕೆಳಗೆ ಒಂದು ದಿನ ‘ನಷ್ಟ 36 ಲೀ.’, ಮರುದಿನ ‘ಲಾಭ 28 ಲೀ.’ ಎಂದು ಬರೆದಿರುವುದನ್ನು ನೋಡಿ ನೋಡಿ ಸಾಕಾಗಿದೆ. ನಷ್ಟ ಎಂದು ಬರೆದ ದಿನ ಪಾಳಿಯಲ್ಲಿದ್ದವನನ್ನು ಕರೆದು ವಿಚಾರಿಸುತ್ತಾರೆ, ಲಾಭ ಎಂದು ಬರೆದ ದಿನ ಎಲ್ಲರೂ ಸುಮ್ಮನಿರುತ್ತಾರೆ. ಎರಡೂ ತಪ್ಪು. ವ್ಯತ್ಯಾಸ ಎಂದರೆ ಎರಡು ಬೇರೆ ಬೇರೆ ಅಳತೆಗಳ ನಡುವಿನ ಅಂತರ, ಅಷ್ಟೇ. ಒಂದು ಅಳತೆ ನೆಲದಡಿಯ ಟ್ಯಾಂಕಿನದು, ಇನ್ನೊಂದು ಪಂಪಿನ ಮೀಟರಿನದು. ಆ ಅಂತರದಲ್ಲಿ ಇಂಧನ ಎಷ್ಟು, ಅಳತೆಯ ದೋಷ ಎಷ್ಟು ಎಂಬುದು ಆ ಒಂದು ದಿನದ ಅಂಕಿಯಿಂದ ತಿಳಿಯುವುದಿಲ್ಲ.

ಡಿಪ್ ರಾಡ್ ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ರಾಡಿನ ಮೇಲೆ ಒದ್ದೆಯಾದ ಗುರುತು ಎಷ್ಟು ಮಿಲಿಮೀಟರಿನಲ್ಲಿದೆ ಎಂದು ಓದಿ, ಆ ಟ್ಯಾಂಕಿನದೇ ಡಿಪ್ ಚಾರ್ಟಿನಲ್ಲಿ ಹುಡುಕಿದಾಗ ಲೀಟರು ಸಿಗುತ್ತದೆ. ಟ್ಯಾಂಕು ಅಡ್ಡಲಾಗಿ ಮಲಗಿಸಿದ ಸಿಲಿಂಡರ್ ಆದ್ದರಿಂದ ಎಲ್ಲ ಮಿಲಿಮೀಟರುಗಳ ತೂಕವೂ ಒಂದೇ ಅಲ್ಲ. 2 ಮೀಟರ್ ವ್ಯಾಸ, 6.4 ಮೀಟರ್ ಉದ್ದದ ಒಂದು ಟ್ಯಾಂಕನ್ನು ತೆಗೆದುಕೊಳ್ಳಿ. ಅದರಲ್ಲಿ ಹಿಡಿಯುವುದು ಸುಮಾರು 20,000 ಲೀಟರ್. ಇಂಧನ ಅರ್ಧದ ಮಟ್ಟದಲ್ಲಿರುವಾಗ ಮೇಲ್ಮೈ ಅತ್ಯಂತ ಅಗಲವಾಗಿರುತ್ತದೆ, ಅಲ್ಲಿ ಒಂದು ಮಿಲಿಮೀಟರ್ ಎಂದರೆ 12.8 ಲೀಟರ್. ತಳದಿಂದ 200 ಮಿಲಿಮೀಟರ್ ಮೇಲೆ ಮಾತ್ರ ಇದ್ದರೆ ಒಂದು ಮಿಲಿಮೀಟರ್ ಎಂದರೆ 7.7 ಲೀಟರ್. ಅಂದರೆ ಕಣ್ಣು ಅದೇ, ರಾಡು ಅದೇ, ತಪ್ಪಿದ ಗೀಟೂ ಒಂದೇ. ಆದರೂ ಅರ್ಧ ತುಂಬಿದ ಟ್ಯಾಂಕಿನಲ್ಲಿ ತಪ್ಪು ದೊಡ್ಡದಾಗಿ ಕಾಣುತ್ತದೆ.

ಈಗ ಒಂದು ದಿನದ ಲೆಕ್ಕವನ್ನು ಪೂರ್ತಿಯಾಗಿ ಮಾಡೋಣ. ಸೋಮವಾರ ಬೆಳಿಗ್ಗೆ ಡಿಪ್ 1,042 ಮಿಲಿಮೀಟರ್, ಚಾರ್ಟಿನ ಪ್ರಕಾರ 10,591 ಲೀಟರ್. ಮಂಗಳವಾರ ಬೆಳಿಗ್ಗೆ ಡಿಪ್ 861 ಮಿಲಿಮೀಟರ್, ಅಂದರೆ 8,280 ಲೀಟರ್. ಈ ನಡುವೆ ಟ್ಯಾಂಕರ್ ಲೋಡು ಬಂದಿಲ್ಲ. ಹಾಗಾಗಿ ಟ್ಯಾಂಕಿನಿಂದ ಹೊರಹೋದದ್ದು 2,311 ಲೀಟರ್. ಪಂಪಿನ ಕಡೆ ಬಂದರೆ, ಮೊದಲ ನಾಜಲಿನ ಮೀಟರ್ 1,412 ಲೀಟರ್ ಮುಂದೆ ಹೋಗಿದೆ, ಎರಡನೆಯದು 873 ಲೀಟರ್. ಒಟ್ಟು 2,285. ಇದರಲ್ಲಿ ಬೆಳಗಿನ ಟೆಸ್ಟಿಂಗಿಗೆಂದು ಪ್ರತಿ ನಾಜಲಿನಿಂದ 5 ಲೀಟರ್ ಅಳೆದು ಮತ್ತೆ ಟ್ಯಾಂಕಿಗೇ ಸುರಿದಿದ್ದಾರೆ. ಮೀಟರಿಗೆ ಅದು ಮಾರಾಟವಾದ ಹಾಗೆಯೇ ಕಾಣುತ್ತದೆ, ಆದ್ದರಿಂದ 10 ಲೀಟರ್ ಕಳೆಯಬೇಕು. ನಿಜವಾದ ಮಾರಾಟ 2,275 ಲೀಟರ್. ವ್ಯತ್ಯಾಸ 36 ಲೀಟರ್ ಕಡಿಮೆ.

ಟೆಸ್ಟಿಂಗಿನ ಆ 10 ಲೀಟರನ್ನು ಕಳೆಯಲು ಮರೆಯುವುದು ಬಹಳ ಸಾಮಾನ್ಯ. ಮರೆತರೆ ಮಾರಾಟ ಹೆಚ್ಚಾಗಿಯೂ ಕೊರತೆ ಕಡಿಮೆಯಾಗಿಯೂ ಕಾಣುತ್ತದೆ. ದಿನಕ್ಕೆ 10 ಲೀಟರಿನ ನಿಜವಾದ ಸೋರಿಕೆ ಇದ್ದರೂ ಈ ಮರೆವು ಅದನ್ನು ಪೂರ್ತಿ ಮುಚ್ಚಿಬಿಡಬಲ್ಲದು.

36 ಲೀಟರಿಗೆ ಮರಳೋಣ. ಅರ್ಧದ ಮಟ್ಟದಲ್ಲಿ ಅದು ಮೂರು ಮಿಲಿಮೀಟರಿಗಿಂತ ಕಡಿಮೆ. ರಾಡು ಸ್ವಲ್ಪ ಓರೆಯಾಗಿ ಇಳಿದರೆ ಹೆಚ್ಚು ಓದುತ್ತದೆ. ರಭಸದಿಂದ ಇಳಿಸಿದರೆ ಅಲೆ ಎದ್ದು ಗುರುತು ಮೇಲಕ್ಕೇರುತ್ತದೆ. ಪೆಟ್ರೋಲಿನ ಗುರುತು ರಾಡನ್ನು ಹೊರಗೆಳೆದು ಕಣ್ಣಿನ ಮಟ್ಟಕ್ಕೆ ತರುವಷ್ಟರಲ್ಲಿ ಆರಲು ತೊಡಗುತ್ತದೆ. ಗುರುತು ತೋರಿಸುವ ಪೇಸ್ಟ್ ಹಚ್ಚದಿದ್ದರೆ ಓದುವವನು ಅಂದಾಜು ಮಾಡುತ್ತಾನೆ. ಒಂದೊಂದು ಡಿಪ್ಪಿನಲ್ಲಿ 2 ಮಿಲಿಮೀಟರ್ ತಪ್ಪುವುದು ಎಚ್ಚರದಿಂದ ಕೆಲಸ ಮಾಡುವವನಿಗೂ ಸಹಜ. ಎರಡು ಡಿಪ್ ಸೇರಿದರೆ ಸುಮಾರು 50 ಲೀಟರ್ ಈ ಕಡೆಯೋ ಆ ಕಡೆಯೋ ಹೋಗಬಹುದು. ಹೀಗಿರುವಾಗ 36 ಲೀಟರಿಗೆ ನಷ್ಟ ಎಂದು ಹೆಸರಿಟ್ಟು ಒಬ್ಬನ ಸಂಬಳ ಹಿಡಿಯುವುದು ಅನ್ಯಾಯ.

ಹಾಗಾದರೆ ದಿನದಿನದ ಡಿಪ್ ನಿರರ್ಥಕವೇ? ಅಲ್ಲ. ಈ ಲೆಕ್ಕದ ಜೀವಾಳವೇ ಇಲ್ಲಿದೆ, ರಿಜಿಸ್ಟರ್ ಬರೆಯುವ ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಇವತ್ತಿನ ಮುಕ್ತಾಯದ ಡಿಪ್ಪೇ ನಾಳೆಯ ಆರಂಭದ ಡಿಪ್. ಮಂಗಳವಾರ ಬೆಳಿಗ್ಗೆ ಓದುವಾಗ 2 ಮಿಲಿಮೀಟರ್ ಕಡಿಮೆ ಓದಿದ್ದರೆ ಸೋಮವಾರದ ಲೆಕ್ಕದಲ್ಲಿ ಸುಮಾರು 25 ಲೀಟರ್ ಕೊರತೆ ಹುಟ್ಟುತ್ತದೆ. ಮಂಗಳವಾರದ ಲೆಕ್ಕದಲ್ಲಿ ಅದೇ 25 ಲೀಟರ್ ಹೆಚ್ಚಳವಾಗಿ ತಿರುಗಿ ಬರುತ್ತದೆ. ಓದಿನ ತಪ್ಪು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ತಿಂಗಳಿಡೀ ಕೂಡಿಸುತ್ತ ಹೋದರೆ ಉಳಿಯುವುದು ಮೊದಲ ಡಿಪ್ಪಿನ ತಪ್ಪು ಮತ್ತು ಕೊನೆಯ ಡಿಪ್ಪಿನ ತಪ್ಪು ಮಾತ್ರ. ಹಾಗಾಗಿ ಒಂದು ದಿನದ ಲೆಕ್ಕದಲ್ಲಿ ಎಷ್ಟು ಅನಿಶ್ಚಿತತೆ ಇತ್ತೋ ಮೂವತ್ತು ದಿನದ ಮೊತ್ತದಲ್ಲೂ ಅಷ್ಟೇ ಇರುತ್ತದೆ. ಸೋರಿಕೆ ಅಥವಾ ಮೀಟರಿನ ದೋಷ ಹಾಗಲ್ಲ. ಅದು ಪ್ರತಿದಿನ ಒಂದೇ ದಿಕ್ಕಿಗೆ ಕೂಡುತ್ತ ಹೋಗುತ್ತದೆ.

ಆದ್ದರಿಂದ ವ್ಯತ್ಯಾಸದ ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕು: ಕೂಡುತ್ತ ಬಂದ ಮೊತ್ತ. ಮೇಲಿನ ಟ್ಯಾಂಕಿನ ಒಂದು ವಾರದ ವ್ಯತ್ಯಾಸ ಹೀಗಿದೆ ಎಂದುಕೊಳ್ಳಿ: −36, +28, −15, +9, −31, +22, −6. ಕೂಡುತ್ತ ಹೋದರೆ −36, −8, −23, −14, −45, −23, −29. ಅಂಕಿಗಳು ಹಾರಾಡುತ್ತವೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಅದೇ ಅಳತೆಯ ಇನ್ನೊಂದು ಟ್ಯಾಂಕಿನದು: −18, −9, −25, −14, −20, −11, −22. ಇಲ್ಲಿ ಯಾವ ದಿನವೂ 36 ಲೀಟರಿನಷ್ಟು ಹೋಗಿಲ್ಲ, ಯಾರನ್ನೂ ಕರೆದು ವಿಚಾರಿಸಿಲ್ಲ. ಕೂಡಿದ ಮೊತ್ತ ಮಾತ್ರ −18, −27, −52, −66, −86, −97, −119 ಎಂದು ಮೆಟ್ಟಿಲಿಳಿಯುತ್ತಿದೆ. ವಿಚಾರಿಸಬೇಕಾದದ್ದು ಈ ಎರಡನೆಯ ಟ್ಯಾಂಕನ್ನು.

ಒಂದು ದಿನ ಮಾತ್ರ ದೊಡ್ಡ ಕೊರತೆ ಬಂದು ಮರುದಿನ ತಿರುಗಿ ಬಾರದೆ, ಆಮೇಲೆ ಬೆಳೆಯದೆಯೂ ನಿಂತರೆ ಆ ದಿನ ಏನು ಬದಲಾಯಿತು ಎಂದು ಕೇಳಬೇಕು. ಹಳೆಯ ರಾಡಿನ ತುದಿ 5 ಮಿಲಿಮೀಟರ್ ಸವೆದಿದ್ದರೆ ಅದು ಯಾವಾಗಲೂ 5 ಮಿಲಿಮೀಟರ್ ಹೆಚ್ಚೇ ಓದುತ್ತಿತ್ತು. ದಿನದ ಆರಂಭಕ್ಕೂ ಮುಕ್ತಾಯಕ್ಕೂ ಅದೇ ತಪ್ಪು ಇದ್ದುದರಿಂದ ಲೆಕ್ಕದಲ್ಲಿ ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಹೊಸ ರಾಡು ಬಂದ ದಿನ ಅರ್ಧ ಟ್ಯಾಂಕಿನಲ್ಲಿ 64 ಲೀಟರ್ ‘ಮಾಯ’ವಾಗುತ್ತದೆ. ಆ 64 ಲೀಟರ್ ಮೊದಲೂ ಇರಲಿಲ್ಲ.

ಲೋಡು ಇಳಿಸಿದ ಬಳಿಕ ಬರುವ ಕೊರತೆಗೂ ಬೇರೆ ಕಾರಣವಿರುತ್ತದೆ. ಬಿಸಿಲಿನಲ್ಲಿ ಬಂದ ಟ್ಯಾಂಕರಿನ ಪೆಟ್ರೋಲ್ ನೆಲದಡಿಯ ತಂಪಿಗೆ ಕುಗ್ಗುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.12 ಶೇಕಡಾದಂತೆ, 12,000 ಲೀಟರಿನ ಲೋಡು 5 ಡಿಗ್ರಿ ತಣಿದರೆ 72 ಲೀಟರ್ ಕಡಿಮೆಯಾಗುತ್ತದೆ. ಡೀಸೆಲ್ ಇದಕ್ಕಿಂತ ಕಡಿಮೆ ಕುಗ್ಗುತ್ತದೆ. ಒಂದು ಹನಿಯೂ ಎಲ್ಲಿಗೂ ಹರಿದಿಲ್ಲ, ಯಾರೂ ಕದ್ದಿಲ್ಲ.

ಹೆಚ್ಚಳ ಬಂದಾಗ ಸುಮ್ಮನಿರುವ ಅಭ್ಯಾಸದ ಬಗ್ಗೆ ನನಗೆ ಹೆಚ್ಚು ಸಿಟ್ಟಿದೆ. ಸತತವಾಗಿ ಹೆಚ್ಚಳ ಬರುತ್ತಿದ್ದರೆ ಪಂಪು ಗ್ರಾಹಕರಿಗೆ ಕಡಿಮೆ ಅಳೆಯುತ್ತಿರಬಹುದು, ಅಥವಾ ಟ್ಯಾಂಕಿಗೆ ಅಂತರ್ಜಲ ನುಗ್ಗುತ್ತಿರಬಹುದು. ನೀರು ಭಾರವಾದ್ದರಿಂದ ತಳಕ್ಕೆ ಸೇರಿ ಇಂಧನವನ್ನು ಮೇಲಕ್ಕೆತ್ತುತ್ತದೆ, ರಾಡು ಹೆಚ್ಚು ತೋರಿಸುತ್ತದೆ. ನಮ್ಮ ಟ್ಯಾಂಕಿನ ತಳದಲ್ಲಿ 30 ಮಿಲಿಮೀಟರ್ ನೀರೆಂದರೆ 60 ಲೀಟರಿಗೂ ಮಿಗಿಲು. ರಾಡಿನ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ಇಳಿಸಿದರೆ ನೀರು ತಾಗಿದಷ್ಟು ಭಾಗದ ಬಣ್ಣ ಬದಲಾಗುತ್ತದೆ. ಆ ಎತ್ತರದ ಲೀಟರನ್ನು ಕಳೆದ ಬಳಿಕವೇ ಉಳಿದದ್ದನ್ನು ಇಂಧನ ಎನ್ನಬೇಕು.

ಎರಡನೆಯ ಟ್ಯಾಂಕಿನ 119 ಲೀಟರನ್ನು ಬೆನ್ನಟ್ಟೋಣ. ಮೊದಲು ಮಾರಾಟದ ಜೊತೆ ಹೋಲಿಸಬೇಕು. ಆ ವಾರದ ಮಾರಾಟ 16,000 ಲೀಟರಿನ ಸುಮಾರಿಗಿದ್ದರೆ ಕೊರತೆ ಶೇಕಡಾ 0.74. ಮಾರಾಟ ಹೆಚ್ಚಿದ ದಿನ ಕೊರತೆಯೂ ಹೆಚ್ಚಿದೆಯೇ ನೋಡಿ. ಹೌದಾದರೆ ಪ್ರಮಾಣೀಕೃತ 5 ಲೀಟರ್ ಅಳತೆಪಾತ್ರೆಗೆ ಪ್ರತಿ ನಾಜಲಿನಿಂದ ಹಿಡಿಯಿರಿ. ಮೀಟರ್ 5.00 ತೋರಿಸಿದಾಗ ಪಾತ್ರೆಯಲ್ಲಿ 37 ಮಿಲಿಲೀಟರ್ ಹೆಚ್ಚು ಬಿದ್ದಿದ್ದರೆ ಲೆಕ್ಕ ಅಲ್ಲಿಗೆ ಸರಿಹೋಯಿತು: ಇಂಧನ ಗ್ರಾಹಕರ ವಾಹನಕ್ಕೆ ಹೋಗಿದೆ, ಮೀಟರನ್ನು ಸರಿಹೊಂದಿಸಬೇಕು. ಪಾತ್ರೆ ಸರಿಯಾಗಿ 5 ಲೀಟರಿಗೇ ನಿಂತು, ಕೊರತೆ ಮಾತ್ರ ಮಾರಾಟದ ಜೊತೆಗೇ ಏರುತ್ತಿದ್ದರೆ ಟ್ಯಾಂಕಿಗೂ ಮೀಟರಿಗೂ ನಡುವಿನ ಪೈಪನ್ನು ಅನುಮಾನಿಸಬೇಕು. ಟ್ಯಾಂಕಿನೊಳಗಿನ ಪಂಪು ಒತ್ತಡದಿಂದ ತಳ್ಳುವ ವ್ಯವಸ್ಥೆಯಲ್ಲಿ, ಪಂಪು ಓಡುವಾಗ ಮಾತ್ರ ಸೋರುವ ಪೈಪು ಕೆಟ್ಟ ಮೀಟರಿನಂತೆಯೇ ನಟಿಸುತ್ತದೆ.

ಮಾರಾಟಕ್ಕೂ ಕೊರತೆಗೂ ಸಂಬಂಧವೇ ಇಲ್ಲದಿದ್ದರೆ ಟ್ಯಾಂಕೇ ಸೋರುತ್ತಿರಬಹುದು. ರಾತ್ರಿ ಬಂಕು ಮುಚ್ಚಿದಾಗ ಒಂದು ಡಿಪ್, ಬೆಳಿಗ್ಗೆ ತೆರೆಯುವ ಮುಂಚೆ ಇನ್ನೊಂದು ಡಿಪ್ ತೆಗೆಯುವುದು ಎಲ್ಲರೂ ಹೇಳುವ ಪರೀಕ್ಷೆ. ದೊಡ್ಡ ಸೋರಿಕೆಯಾದರೆ ಅದು ಹಿಡಿಯುತ್ತದೆ. ಆದರೆ ದಿನಕ್ಕೆ 17 ಲೀಟರ್ ಸೋರುವ ನಮ್ಮ ಟ್ಯಾಂಕಿನಲ್ಲಿ ಎಂಟು ಗಂಟೆಗೆ ಇಳಿಯುವುದು 6 ಲೀಟರಿಗಿಂತಲೂ ಕಡಿಮೆ, ಅಂದರೆ ಅರ್ಧದ ಮಟ್ಟದಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಅದನ್ನು ಯಾವ ಕಣ್ಣೂ ರಾಡಿನ ಮೇಲೆ ಓದಲಾರದು. ರಾತ್ರಿಯ ಡಿಪ್ ಬದಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಟ್ಯಾಂಕು ಗಟ್ಟಿಯಾಗಿದೆ ಎಂದು ಬರೆಯಬಾರದು.

ನಿಯಮದ ಮಿತಿಯೊಳಗಿದ್ದರೆ ಸಾಕು ಎನ್ನುವವರಿಗೂ ಇದೇ ಉತ್ತರ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಲ್ಲಿ ತಿಂಗಳ ಲೆಕ್ಕಕ್ಕೆ ಮಿತಿ ಇದೆ: ಟ್ಯಾಂಕಿನಿಂದ ಹಾದುಹೋದ ಇಂಧನದ ಶೇಕಡಾ 1, ಅದರ ಮೇಲೆ 130 ಗ್ಯಾಲನ್. ತಿಂಗಳಿಗೆ 70,000 ಲೀಟರ್ ಮಾರುವ ಟ್ಯಾಂಕಿಗೆ ಅದು ಸುಮಾರು 1,190 ಲೀಟರ್ ಆಗುತ್ತದೆ. ನಮ್ಮ ಎರಡನೆಯ ಟ್ಯಾಂಕು ಇದೇ ವೇಗದಲ್ಲಿ ತಿಂಗಳಿಗೆ ಕಳೆದುಕೊಳ್ಳುವುದು 510 ಲೀಟರ್. ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಡಿಪ್ ಮತ್ತು ಮೀಟರಿನ ಹೊಂದಾಣಿಕೆಗೆ ಇರುವ ಈ ಕುರುಡುತನವನ್ನು ಬಲ್ಲುದರಿಂದಲೇ ಅದೇ ನಿಯಮ ಈ ವಿಧಾನವನ್ನು ಟ್ಯಾಂಕು ಹೂಳಿದ ಮೊದಲ 10 ವರ್ಷಗಳಿಗೆ ಮಾತ್ರ ಒಪ್ಪಿತು, ಅದೂ 5 ವರ್ಷಕ್ಕೊಮ್ಮೆ ಟ್ಯಾಂಕಿನ ಬಿಗಿತ ಪರೀಕ್ಷೆ ಮಾಡಿಸುವ ಷರತ್ತಿನೊಂದಿಗೆ. ಅಳತೆಪಾತ್ರೆ ಸರಿ ಇದ್ದು, ನೀರು, ಟೆಸ್ಟಿಂಗ್, ಲೋಡು ಎಲ್ಲದರ ಲೆಕ್ಕ ತೆಗೆದ ಮೇಲೂ ಮೊತ್ತ ಮೆಟ್ಟಿಲಿಳಿಯುತ್ತಲೇ ಇದ್ದರೆ ಮುಂದಿನ ತಿಂಗಳಿನ ಡಿಪ್‌ಗೆ ಕಾಯದೆ ಆ ಬಿಗಿತ ಪರೀಕ್ಷೆಯನ್ನೇ ಮಾಡಿಸಬೇಕು. ‘ನಷ್ಟ’ ಎಂಬ ಪದವನ್ನು ರಿಜಿಸ್ಟರಿನಲ್ಲಿ ಬರೆಯುವುದು ಅದರ ಫಲಿತಾಂಶ ಬಂದ ಮೇಲೆ.