ಸ್ಕೂಲ್ ಡೇ ಫೋಟೊ: ಶಾಲೆಗೆ ಬರೆಯುವ ಪತ್ರದಲ್ಲಿ ಏನು ಕೇಳಬೇಕು?

ಓದುಗರ ಪ್ರಶ್ನೆ: ಮಗಳು 2ನೇ ಕ್ಲಾಸ್. ಮುಂದಿನ ತಿಂಗಳು ವಾರ್ಷಿಕೋತ್ಸವ. ಫೋಟೊ ತೆಗೆಯಬಹುದಾ, ಗುಂಪು ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹಾಕಬಹುದಾ ಅಂತ ಶಾಲೆಗೆ ಪತ್ರ ಬರೆಯಬೇಕು. ಹೇಗೆ ಕೇಳಲಿ?

ತೆಗೆಯುವುದನ್ನೂ ಹಂಚುವುದನ್ನೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೇಳಿದರೆ "ತೆಗೀಬಹುದು" ಅಂತ ಒಂದೇ ಮಾತು ಬರುತ್ತದೆ, ಹಂಚುವ ವಿಷಯ ಹಾಗೇ ಉಳಿದುಬಿಡುತ್ತದೆ.

ಕಾನೂನು ಇದೆ ಅಲ್ವಾ ಅಂತ ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, 18 ತುಂಬದ ಮಕ್ಕಳ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆದರೆ ಮನೆಯ ಸ್ವಂತ ಬಳಕೆಗೆ ಅದು ಅನ್ವಯಿಸುವುದಿಲ್ಲ. ನೀವು ಮಗಳ ಡ್ಯಾನ್ಸ್ ತೆಗೆದು ಅಜ್ಜಿಗೆ ಕಳಿಸಿದರೆ ಕಾಯ್ದೆ ನಡುವೆ ಬರುವುದಿಲ್ಲ. ಹಾಗಾಗಿ ಪೋಷಕರ ಮಟ್ಟಿಗೆ ಶಾಲೆಯ ನಿಯಮವೇ ಮುಖ್ಯ.

ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ನನ್ನ ಮಗಳು 2ನೇ ತರಗತಿಯಲ್ಲಿ ಓದುತ್ತಿದ್ದಾಳೆ. ವಾರ್ಷಿಕೋತ್ಸವದ ದಿನ ಕುಳಿತ ಜಾಗದಿಂದ ಫೋಟೊ, ವಿಡಿಯೊ ತೆಗೆಯಬಹುದೇ? ಮೇಕಪ್ ಕೋಣೆಯಲ್ಲಿ ಮೊಬೈಲ್ ನಿಷೇಧವಿದೆಯೇ? ಬೇರೆ ಮಕ್ಕಳೂ ಇರುವ ಫೋಟೊವನ್ನು ತರಗತಿಯ ಗುಂಪಿನಲ್ಲಿ ಹಾಕಬಹುದೇ? ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ? ಶಾಲೆಯ ಫೋಟೊಗ್ರಾಫರ್ ತೆಗೆದ ಚಿತ್ರಗಳನ್ನು ಯಾರು ನೋಡಬಹುದು, ಯಾವಾಗ ಅಳಿಸುತ್ತೀರಿ? ಒಪ್ಪಿಗೆ ಕೊಡದ ಮಗು ಗುಂಪಿನಲ್ಲಿದ್ದರೆ ಏನು ಕ್ರಮ? ದಯವಿಟ್ಟು ಲಿಖಿತವಾಗಿ ತಿಳಿಸಿ."

ಕೊನೆಯ ಪ್ರಶ್ನೆಯನ್ನು ಸುಮ್ನೆ ಸೇರಿಸಿಲ್ಲ. 24 ಮಕ್ಕಳ ಕೋಲಾಟ ಮುಗಿದು ಎಲ್ಲರೂ ಸಾಲಾಗಿ ನಿಂತಿದ್ದಾರೆ, ಹಿಂದೆ ಶಾಲೆಯ ಹೆಸರಿನ ದೊಡ್ಡ ಬ್ಯಾನರ್, ಫೋಟೊ ಕೆಳಗೆ ಯಾರೋ ಮಕ್ಕಳ ಹೆಸರನ್ನೂ ಬರೆದು ಹಾಕುತ್ತಾರೆ ಅಂದುಕೊಳ್ಳಿ. ಮುಖ, ಹೆಸರು, ಶಾಲೆ ಮೂರೂ ಒಂದೇ ಕಡೆ ಸಿಕ್ಕಿತು. ಅಪ್ಪ ಅಮ್ಮನ ನಡುವೆ ಕೋರ್ಟಿನಲ್ಲಿ ಕೇಸ್ ನಡೆಯುತ್ತಿರುವ ಮಗು ಆ ಸಾಲಿನಲ್ಲಿದ್ದರೆ, ಅದು ಎಲ್ಲಿ ಓದುತ್ತಿದೆ ಅಂತ ತಿಳಿಯಬಾರದವರಿಗೂ ತಿಳಿಯುತ್ತದೆ. ಹಾಗಂತ ಆ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸಬಾರದು, ಅದು ತುಂಬಾ ನೋವು ಕೊಡುತ್ತದೆ. ಎಲ್ಲರೂ ಇರುವ ಫೋಟೊವನ್ನು ಪ್ರಿಂಟ್ ಹಾಕಿಸಿ ಮನೆಗಳಿಗೆ ಕೊಡಲಿ, ವೆಬ್‌ಸೈಟ್‌ಗೆ ಆ ಮಗುವಿನ ಮುಖ ಕಾಣದ ಬೇರೆ ಫೋಟೊ ಆರಿಸಲಿ.

ಎಡವುವುದು ಜಾಸ್ತಿ ಶಾಲೆ ಫೋಟೊ ಆಲ್ಬಂ ಹಂಚಲು ಕಳಿಸುವ ಗೂಗಲ್ ಡ್ರೈವ್ ಲಿಂಕ್‌ನಲ್ಲಿ. ಅದನ್ನು Anyone with the link ಅಂತ ಇಟ್ಟಿದ್ದರೆ, ಲಿಂಕ್ ಫಾರ್ವರ್ಡ್ ಆದಲ್ಲೆಲ್ಲ ಇಡೀ ಆಲ್ಬಂ ತೆರೆದುಕೊಳ್ಳುತ್ತದೆ. ಪರೀಕ್ಷಿಸುವುದು ಸುಲಭ: ಗೂಗಲ್ ಖಾತೆಯಿಂದ ಹೊರಬಂದು ಲಿಂಕ್ ಒತ್ತಿ. ಫೋಟೊ ಕಂಡರೆ ಅದು ಯಾರಿಗೆ ಬೇಕಾದರೂ ಕಾಣುತ್ತದೆ.

ಪತ್ರ ಕೊಡುವ ಮೊದಲು ಅಡ್ಮಿಷನ್ ಫಾರಂನ ಪ್ರತಿ ಒಮ್ಮೆ ತೆಗೆದು ನೋಡಿ. ಪ್ರಚಾರಕ್ಕೆ ಫೋಟೊ ಬಳಸಲು ಒಪ್ಪಿಗೆ ಇದೆ ಅನ್ನೋ ಸಾಲಿಗೆ ನೀವೇ ಸಹಿ ಹಾಕಿರಬಹುದು. ಹಾಕಿದ್ದು ಈಗ ಬೇಡ ಅನಿಸಿದರೆ, ಒಪ್ಪಿಗೆ ಹಿಂದಕ್ಕೆ ಪಡೆಯುತ್ತೇನೆ ಅಂತ ಇದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ, ಒಂದು ಪ್ರತಿಗೆ ಆಫೀಸಿನ ಸೀಲ್ ಹಾಕಿಸಿ ಇಟ್ಟುಕೊಳ್ಳಿ.