7 ನಿಮಿಷ 40 ಸೆಕೆಂಡಿನ ವಿಡಿಯೊ ನಡುವೆ ಜಾಹೀರಾತು ಏಕೆ ಬರುವುದಿಲ್ಲ?

ಪ್ರಶ್ನೆ: ಹೊಲಿಗೆ ಯಂತ್ರ ರಿಪೇರಿಯ ವಿಡಿಯೊ ಮಾಡುತ್ತೇನೆ. 7 ನಿಮಿಷ 40 ಸೆಕೆಂಡಿನ ವಿಡಿಯೊದಲ್ಲಿ ನಡುವೆ ಜಾಹೀರಾತು ಇಡಲು ಆಗುತ್ತಿಲ್ಲ. 12 ನಿಮಿಷದ ಇನ್ನೊಂದರಲ್ಲಿ ಯೂಟ್ಯೂಬ್ ತಾನೇ ಇಟ್ಟಿದೆ, ಅದೂ ಬೇಡದ ಜಾಗದಲ್ಲಿ. ಇನ್ನು ಮುಂದೆ ನಾನೇ ಇಡಲೇ?

ಉತ್ತರ: ಮೊದಲನೆಯದಕ್ಕೆ ಕಾರಣ ಉದ್ದ. ವಿಡಿಯೊ ಕನಿಷ್ಠ 8 ನಿಮಿಷ ಇದ್ದರೆ ಮಾತ್ರ ನಡುವೆ ಜಾಹೀರಾತು ವಿರಾಮ ಇಡಬಹುದು. 2020ರ ಜುಲೈವರೆಗೆ ಈ ಮಿತಿ 10 ನಿಮಿಷ ಇತ್ತು. ಚಿಕ್ಕ ವಿಡಿಯೊಗೂ ಆರಂಭದಲ್ಲಿ, ಕೊನೆಯಲ್ಲಿ ಜಾಹೀರಾತು ಬರಬಹುದು. ನಾಲ್ಕು ನಿಮಿಷದ ವಿಡಿಯೊ ನೋಡಲು ಬಂದವರನ್ನು ಶುರುವಿನಲ್ಲಿ ಒಮ್ಮೆ ತಡೆದು, ಎರಡು ನಿಮಿಷಕ್ಕೆ ಮತ್ತೆ ತಡೆದರೆ ಅವರು ಎದ್ದು ಹೋಗುತ್ತಾರೆ.

ಹಾಗೆಂದು 20 ಸೆಕೆಂಡು ಮಾತು ಎಳೆದು 8 ನಿಮಿಷ ಮುಟ್ಟಿಸಬೇಡಿ. ನಿಮ್ಮ ಪ್ರೇಕ್ಷಕರಲ್ಲಿ ಹೆಚ್ಚಿನವರು ನಾಲ್ಕನೇ ನಿಮಿಷಕ್ಕೇ ಹೊರಟುಹೋಗುತ್ತಿದ್ದರೆ, ಆರನೇ ನಿಮಿಷದಲ್ಲಿಟ್ಟ ವಿರಾಮ ಅವರಿಗೆ ಕಾಣುವುದೇ ಇಲ್ಲ. ಎಷ್ಟು ಮಂದಿ ಎಲ್ಲಿಯವರೆಗೆ ನೋಡಿದರು ಎಂಬ ಗ್ರಾಫ್ ಯೂಟ್ಯೂಬ್ ಸ್ಟುಡಿಯೊದಲ್ಲೇ ಇದೆ, ವಿರಾಮ ಇಡುವ ಮೊದಲು ಅದನ್ನು ನೋಡಿ.

ಎರಡನೆಯದು ನನಗೆ ಹೆಚ್ಚು ಮುಖ್ಯ ಎನಿಸುತ್ತದೆ. ತಾನಾಗಿ ಇಡುವ ವ್ಯವಸ್ಥೆ ಸಹಜವಾಗಿ ನಿಲ್ಲುವ ಜಾಗಗಳನ್ನು ಹುಡುಕುತ್ತದೆ. ಮಾತು ಮುಗಿದು ಮೌನವಾಗುವುದು, ದೃಶ್ಯ ಬದಲಾಗುವುದು ಅಂಥ ಜಾಗ. ಆದರೆ ರಿಪೇರಿ ವಿಡಿಯೊದಲ್ಲಿ ಮೌನಕ್ಕೆ ಬೇರೆ ಅರ್ಥವಿದೆ. ಹೊಲಿಯುವಾಗ ದಾರ ಕಡಿದುಹೋಗುವ ಯಂತ್ರದ ರಿಪೇರಿಯ 12 ನಿಮಿಷದ ವಿಡಿಯೊ ಎಂದುಕೊಳ್ಳಿ. 3:20ರವರೆಗೆ ದೋಷ ಹುಡುಕುತ್ತೀರಿ. 8:05ರವರೆಗೆ ಬಾಬಿನ್ ಕೇಸ್ ಬಿಚ್ಚಿ, ಸ್ವಚ್ಛ ಮಾಡಿ, ಬಿಗಿತ ಸರಿಪಡಿಸಿ ಮತ್ತೆ ಕೂರಿಸುತ್ತೀರಿ. ನಂತರ ಬಟ್ಟೆ ಹೊಲಿದು ತೋರಿಸುತ್ತೀರಿ. 6:40ಕ್ಕೆ ನೀವು ಮಾತಿಲ್ಲದೆ ಸ್ಕ್ರೂವನ್ನು ಒಂದಿಷ್ಟೇ ತಿರುಗಿಸುವಾಗ ನೋಡುವವರು ಕಣ್ಣಿಟ್ಟು ನೋಡುತ್ತಿರುತ್ತಾರೆ. ವ್ಯವಸ್ಥೆಗೆ ಅದು ಖಾಲಿ ಜಾಗದಂತೆ ಕಂಡು, ಅಲ್ಲೇ ವಿರಾಮ ಇಟ್ಟುಬಿಡಬಹುದು. ಸ್ಟುಡಿಯೊದಲ್ಲಿ ಆ ವಿರಾಮ ಅಳಿಸಿ, 3:20ಕ್ಕೆ ಒಂದು, 8:05ಕ್ಕೆ ಒಂದು ಇಡಿ. ಎರಡೂ ಕಡೆ ಒಂದು ಕೆಲಸ ಮುಗಿದಿರುತ್ತದೆ. ಗುರುತನ್ನು ವಾಕ್ಯ ಪೂರ್ತಿ ಮುಗಿದ ಮೇಲಿನ ಮೌನದಲ್ಲೇ ಇಡಿ, ಅರ್ಧ ಸೆಕೆಂಡು ಮುಂಚೆ ಇಟ್ಟರೂ ಕೊನೆಯ ಪದ ತುಂಡಾಗುತ್ತದೆ.

ಸ್ವಯಂಚಾಲಿತ ಆಯ್ಕೆಯನ್ನು ಪೂರ್ತಿ ನಿಲ್ಲಿಸಲೇಬೇಕಿಲ್ಲ. 2025ರ ಮೇನಿಂದ ಎರಡನ್ನೂ ಒಟ್ಟಿಗೆ ಬಳಸಬಹುದು, ಮತ್ತು ನೀವಿಟ್ಟ ವಿರಾಮ ನೋಡುವವರಿಗೆ ಅಡ್ಡಿಯಾಗುವ ಜಾಗದಲ್ಲಿದ್ದರೆ ಸ್ಟುಡಿಯೊ ಎಚ್ಚರಿಸುತ್ತದೆ. ಆದರೆ ಕೈಕೆಲಸ ತೋರಿಸುವ ವಿಡಿಯೊಗಳಲ್ಲಿ ಮೌನ ಹೆಚ್ಚು, ಹಾಗಾಗಿ ನಾನಾದರೆ ಅವುಗಳಲ್ಲಿ ವಿರಾಮವನ್ನು ನಾನೇ ಇಟ್ಟು, ಮಾತೇ ಪ್ರಧಾನವಾದವನ್ನು ವ್ಯವಸ್ಥೆಗೆ ಬಿಡುತ್ತೇನೆ.

ವಿರಾಮ ಇಟ್ಟ ಮಾತ್ರಕ್ಕೆ ಪ್ರತಿಯೊಬ್ಬರಿಗೂ ಜಾಹೀರಾತು ಬರುವುದಿಲ್ಲ. ಅದು ಅವಕಾಶ ಮಾತ್ರ, ತೋರಿಸಬೇಕೋ ಬೇಡವೋ ಎಂಬುದು ಆ ಹೊತ್ತಿಗೆ, ಆ ನೋಡುಗರಿಗೆ ತಕ್ಕಂತೆ ತೀರ್ಮಾನವಾಗುತ್ತದೆ. ನಿಮ್ಮ ವಿಡಿಯೊವನ್ನು ನೀವೇ ನೋಡಿದಾಗ 3:20ಕ್ಕೆ ಏನೂ ಬರದಿದ್ದರೆ ವಿರಾಮ ಕೆಟ್ಟಿದೆ ಎಂದುಕೊಂಡು ಮತ್ತೆರಡು ಸೇರಿಸಬೇಡಿ.