ಎರಡು ವಿಭಾಗ, ಎರಡು ಫೋಟೊ, ಒಂದೇ ಎಸ್‌ಡಿ

ಗಂಗಾವತಿ ಕಡೆಯ ಒಂದು ಪಿಯು ಕಾಲೇಜಿನಿಂದ ಮೇಡಂ ಒಬ್ಬರು ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ್ದರು. ಒಂದು ‘ಎ’ ವಿಭಾಗದ್ದು, ಇನ್ನೊಂದು ‘ಬಿ’ ವಿಭಾಗದ್ದು. ಪರೀಕ್ಷೆ ಒಂದೇ, ಪ್ರಶ್ನೆಪತ್ರಿಕೆ ಒಂದೇ, 100 ಅಂಕಕ್ಕೆ. ಒಬ್ಬೊಬ್ಬರ ಅಂಕಪಟ್ಟಿ ಅವರ ಕೈಯಲ್ಲಿ ಇರಲಿಲ್ಲ. ಆಯಾ ವಿಭಾಗದ ಉಪನ್ಯಾಸಕರು ಹಾಳೆಯಲ್ಲಿ ಬರೆದುಕೊಟ್ಟ ನಾಲ್ಕೈದು ಅಂಕಿ ಮಾತ್ರ. ಪ್ರಾಂಶುಪಾಲರಿಗೆ ಎರಡೂ ವಿಭಾಗ ಸೇರಿಸಿ ಒಂದು ಸರಾಸರಿ, ಒಂದು ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಎಸ್‌ಡಿ, ಬೇಕಿತ್ತು. ಮೇಡಂ ಕೇಳಿದ್ದು ಇಷ್ಟೇ: “ಎರಡೂ ಎಸ್‌ಡಿ ಕೂಡಿಸಿ ಎರಡರಿಂದ ಭಾಗಿಸಿದ್ರ ಆತಲ್ರೀ ಸರ?”

ಆಗುವುದಿಲ್ಲ. ಏಕೆ ಎಂದು ನೋಡುವ ಮೊದಲು ಫೋಟೊಗಳನ್ನೇ ಸರಿಯಾಗಿ ಓದಬೇಕು. ಅಂಕಿ ತಪ್ಪಿದರೆ ಸೂತ್ರ ಎಷ್ಟು ಸರಿ ಇದ್ದರೂ ಉಪಯೋಗವಿಲ್ಲ.

‘ಎ’ ವಿಭಾಗದ ಹಾಳೆಯಲ್ಲಿ ಒಟ್ಟು ಅಂಕ 2080, ಸರಾಸರಿ 52, ಎಸ್‌ಡಿ 8 ಎಂದಿತ್ತು. ವಿದ್ಯಾರ್ಥಿಗಳ ಸಂಖ್ಯೆ 40ಓ 46ಓ ಗೊತ್ತಾಗದ ಹಾಗೆ ಅದರ ಮೇಲೆ ಮಡಿಕೆಯ ನೆರಳು ಬಿದ್ದಿತ್ತು. ಇದಕ್ಕೆ ಫೋನ್ ಮಾಡಿ ಕೇಳಬೇಕಾಗಿಲ್ಲ. 2080ನ್ನು 40ರಿಂದ ಭಾಗಿಸಿದರೆ ಸರಿಯಾಗಿ 52 ಬರುತ್ತದೆ. 46ರಿಂದ ಭಾಗಿಸಿದರೆ 45ರ ಹತ್ತಿರ ಬರುತ್ತದೆ. ಹಾಗಾಗಿ 40.

‘ಬಿ’ ವಿಭಾಗದ ಹಾಳೆಯಲ್ಲಿ ಎರಡು ಸಂಖ್ಯೆ ಇದ್ದವು: ಹಾಜರಿ ಪುಸ್ತಕದಲ್ಲಿ 64, ಪರೀಕ್ಷೆ ಬರೆದವರು 60. ಒಟ್ಟು ಅಂಕ 3720, ಸರಾಸರಿ 62. ಇಲ್ಲೂ ಅದೇ ಪರೀಕ್ಷೆ: 3720ನ್ನು 60ರಿಂದ ಭಾಗಿಸಿದರೆ 62. ಅಂದರೆ ಗೈರುಹಾಜರಾದ ನಾಲ್ವರು ಲೆಕ್ಕದಲ್ಲಿ ಇಲ್ಲ, ನಾವೂ 60ನ್ನೇ ತೆಗೆದುಕೊಳ್ಳಬೇಕು. ಗೈರಾದವರನ್ನು ಸೊನ್ನೆ ಎಂದು ಸೇರಿಸಿದ್ದರೆ ಸರಾಸರಿ 58ಕ್ಕೆ ಇಳಿಯುತ್ತಿತ್ತು.

ನಿಜವಾದ ತೊಡಕು ಇದ್ದದ್ದು ಮುಂದಿನ ಸಾಲಿನಲ್ಲಿ. ಅಲ್ಲಿ ಎಸ್‌ಡಿಯನ್ನು ಸೂಚಿಸುವ σ ಚಿಹ್ನೆಯ ಎದುರು 36 ಎಂದಿತ್ತು. ‘ಎ’ಗೆ 8, ‘ಬಿ’ಗೆ 36? ಅನುಮಾನ ಬರಲೇಬೇಕು. ಅದೃಷ್ಟಕ್ಕೆ ಅದೇ ಹಾಳೆಯ ಕೆಳಗೆ ಅತಿ ಕಡಿಮೆ ಅಂಕ 46, ಅತಿ ಹೆಚ್ಚು 78 ಎಂದೂ ಬರೆದಿದ್ದರು. ವ್ಯಾಪ್ತಿ 32. ಮಾನಕ ವಿಚಲನೆ ಯಾವತ್ತೂ ವ್ಯಾಪ್ತಿಯ ಅರ್ಧಕ್ಕಿಂತ ಜಾಸ್ತಿ ಆಗುವುದಿಲ್ಲ. ಅರ್ಧ ಜನ 46, ಅರ್ಧ ಜನ 78 ತೆಗೆದರೂ ಅದು 16 ಮಾತ್ರ. ಹಾಗಾಗಿ 36 ಎಸ್‌ಡಿ ಆಗಿರಲು ಸಾಧ್ಯವೇ ಇಲ್ಲ. ಅದು ಎಸ್‌ಡಿಯ ವರ್ಗ, ಅಂದರೆ ವೇರಿಯನ್ಸ್ ಇರಬೇಕು, ಎಸ್‌ಡಿ 6. ಬರೆದವರನ್ನು ಕೇಳಿ ನೋಡಿ ಅಂದೆ. σ ಮೇಲಿನ ಸಣ್ಣ 2 ಫೋಟೊದ ಅಂಚಿನಲ್ಲಿ ಕತ್ತರಿಸಿಹೋಗಿತ್ತು. 36ನ್ನೇ ಎಸ್‌ಡಿ ಎಂದು ಹಾಕಿದ್ದರೆ ಉತ್ತರ 28.8 ಬರುತ್ತಿತ್ತು, ಕ್ಯಾಲ್ಕುಲೇಟರ್ ಏನೂ ತಕರಾರು ಮಾಡುತ್ತಿರಲಿಲ್ಲ.

ಈಗ ಸರಾಸರಿ. 52 ಮತ್ತು 62ರ ಮಧ್ಯ 57 ಅಲ್ಲ. ‘ಬಿ’ಯಲ್ಲಿ ಜನ ಜಾಸ್ತಿ, ಆದ್ದರಿಂದ ಸರಾಸರಿ ಆ ಕಡೆಗೆ ವಾಲುತ್ತದೆ. ಒಟ್ಟು ಅಂಕ 5800, ಒಟ್ಟು ಜನ 100, ಸಂಯುಕ್ತ ಸರಾಸರಿ 58.

ಮಾನಕ ವಿಚಲನೆಗೆ ಬಂದರೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ‘ಎ’ ವಿಭಾಗದ 8 ಎನ್ನುವುದು 52ರಿಂದ ಅಳೆದ ದೂರದ ಲೆಕ್ಕ. ‘ಬಿ’ಯ 6 ಎನ್ನುವುದು 62ರಿಂದ ಅಳೆದದ್ದು. ಎರಡೂ ಸೇರಿದ ಮೇಲೆ ಎಲ್ಲರ ದೂರವನ್ನೂ 58ರಿಂದ ಅಳೆಯಬೇಕು. ‘ಎ’ಯಲ್ಲಿ ಸರಿಯಾಗಿ 52 ತೆಗೆದ ಹುಡುಗಿಯನ್ನು ನೋಡಿ. ತನ್ನ ವಿಭಾಗದಲ್ಲಿ ಅವಳ ದೂರ ಸೊನ್ನೆ. ಒಟ್ಟು ಗುಂಪಿನಲ್ಲಿ 6. ಈ ಹೆಚ್ಚುವರಿ ದೂರ 8ರ ಒಳಗೂ ಇಲ್ಲ, 6ರ ಒಳಗೂ ಇಲ್ಲ. ಅದನ್ನು ನಾವೇ ಸೇರಿಸಬೇಕು. ಅದಕ್ಕೇ ಸೂತ್ರದಲ್ಲಿ d ಬರುವುದು: ಪ್ರತಿ ವಿಭಾಗದ ಸರಾಸರಿಗೂ ಸಂಯುಕ್ತ ಸರಾಸರಿಗೂ ಇರುವ ವ್ಯತ್ಯಾಸ. n ಎಂದರೆ ವಿಭಾಗದಲ್ಲಿ ಪರೀಕ್ಷೆ ಬರೆದವರ ಸಂಖ್ಯೆ; 1 ‘ಎ’ಗೆ, 2 ‘ಬಿ’ಗೆ.

```
σ² = [ n1(σ1² + d1²) + n2(σ2² + d2²) ] / (n1 + n2)

d1 = 52 − 58 = −6      d2 = 62 − 58 = 4

σ² = [ 40(64 + 36) + 60(36 + 16) ] / 100
   = (4000 + 3120) / 100 = 71.2
σ  = 8.44
```

d ಬರೆದ ಕೂಡಲೇ ಒಂದು ಪರೀಕ್ಷೆ ಮಾಡಿಬಿಡಿ. 40ನ್ನು −6ರಿಂದ ಗುಣಿಸಿದರೆ −240, 60ನ್ನು 4ರಿಂದ ಗುಣಿಸಿದರೆ 240. ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಸಂಯುಕ್ತ ಸರಾಸರಿಯಲ್ಲೇ ತಪ್ಪಿದೆ ಎಂದರ್ಥ, ಮುಂದೆ ಹೋಗಬೇಡಿ. ಸರಾಸರಿಯನ್ನು ದಶಮಾಂಶದಲ್ಲಿ ಮೊಟಕುಗೊಳಿಸಿದ್ದರೆ ಮಾತ್ರ ಸೊನ್ನೆಯ ಆಸುಪಾಸು ಸಣ್ಣ ಉಳಿಕೆ ಕಾಣಬಹುದು.

ಉತ್ತರ ನೋಡಿದ ಮೇಡಂಗೆ ಗಾಬರಿ. 8 ಮತ್ತು 6 ಸೇರಿಸಿದರೆ ನಡುವೆ ಎಲ್ಲೋ ಬರಬೇಕಲ್ವಾ, 8.44 ಹೇಗೆ? ಈ ಪ್ರಶ್ನೆ ನನಗೆ ಬಹಳ ಇಷ್ಟ, ಏಕೆಂದರೆ ಇಡೀ ವಿಷಯ ಇಲ್ಲೇ ಇದೆ. 71.2ನ್ನು ಎರಡು ಭಾಗ ಮಾಡಿ ನೋಡಿ. ವಿಭಾಗಗಳ ಒಳಗಿನ ಏರುಪೇರಿನಿಂದ ಬಂದದ್ದು 47.2. ಎರಡು ವಿಭಾಗಗಳ ಸರಾಸರಿ ದೂರ ಇರುವುದರಿಂದ ಬಂದದ್ದು 24. ಸರಾಸರಿಗಳು ಒಂದೇ ಆಗಿದ್ದರೆ ಈ 24 ಇರುತ್ತಿರಲಿಲ್ಲ, ಎಸ್‌ಡಿ 6.87 ಆಗುತ್ತಿತ್ತು, ಎರಡರ ನಡುವೆಯೇ. ಸರಾಸರಿಗಳು ದೂರ ಸರಿದಷ್ಟೂ ಸಂಯುಕ್ತ ಎಸ್‌ಡಿ ಮೇಲೇರುತ್ತದೆ, ಎರಡನ್ನೂ ದಾಟಬಹುದು. ಆದರೆ ಎರಡರಲ್ಲಿ ಚಿಕ್ಕದಕ್ಕಿಂತ ಕೆಳಗೆ ಯಾವತ್ತೂ ಇಳಿಯುವುದಿಲ್ಲ.

ಯಾರಾದರೂ 6.87 ಎಂದು ಉತ್ತರ ಕೊಟ್ಟರೆ d ಬಿಟ್ಟಿದ್ದಾರೆ ಎಂದು ತಕ್ಷಣ ಗೊತ್ತಾಗುತ್ತದೆ. ಮೇಡಂ ಹೇಳಿದ ಹಾಗೆ ಕೂಡಿ ಭಾಗಿಸಿದರೆ 7 ಬರುತ್ತದೆ. ಅಂತರದ ಆ 24ನ್ನು ಬೇರೆ ದಾರಿಯಲ್ಲೂ ತಾಳೆ ನೋಡಬಹುದು. ನೂರರಲ್ಲಿ ‘ಎ’ಯ ಪಾಲು 0.4, ‘ಬಿ’ಯ ಪಾಲು 0.6, ಸರಾಸರಿಗಳ ಅಂತರ 10, ಅದರ ವರ್ಗ 100. ಮೂರನ್ನೂ ಗುಣಿಸಿದರೆ 24.

ಕೇಳಬೇಕಾದ ಇನ್ನೊಂದು ಮಾತಿದೆ: ಎಸ್‌ಡಿ ತೆಗೆದದ್ದು ಹೇಗೆ? ಎಕ್ಸೆಲ್‌ನಲ್ಲಿ `STDEV.P` ಬಳಸಿದ್ದರೆ n ಇಂದ ಭಾಗಿಸಿರುತ್ತದೆ, ಮೇಲಿನ ಸೂತ್ರ ಹಾಗೇ ನಡೆಯುತ್ತದೆ. `STDEV.S` ಆಗಿದ್ದರೆ n − 1ರಿಂದ. ಆಗ 64ನ್ನು 39ರಿಂದ, 36ನ್ನು 59ರಿಂದ ಗುಣಿಸಬೇಕು. d ಭಾಗಕ್ಕೆ 40 ಮತ್ತು 60 ಹಾಗೇ ಇರುತ್ತವೆ. ಒಟ್ಟು 7020, ಅದನ್ನು 99ರಿಂದ ಭಾಗಿಸಿ ವರ್ಗಮೂಲ ತೆಗೆದರೆ 8.42. ನೂರು ಜನರಿದ್ದಾಗ ವ್ಯತ್ಯಾಸ ಅಷ್ಟಕ್ಕಷ್ಟೇ. ಎಂಟು ಹತ್ತು ಮಕ್ಕಳ ತರಗತಿಯಾದರೆ ಎದ್ದು ಕಾಣುತ್ತದೆ. ಒಂದು ವಿಭಾಗಕ್ಕೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಬಳಸಿದ್ದರೆ ಮೊದಲು ಎರಡನ್ನೂ ಒಂದೇ ರೀತಿಗೆ ತನ್ನಿ.

ಎರಡು ವಿಭಾಗಕ್ಕೆ ಬೇರೆ ಬೇರೆ ಪತ್ರಿಕೆ ಕೊಟ್ಟಿದ್ದರೆ, ಲೆಕ್ಕ ಬಂದರೂ ಅದಕ್ಕೆ ಅರ್ಥವಿಲ್ಲ. ಒಂದೇ ಪತ್ರಿಕೆಯಾದರೂ, ಈ ಅಂಕಿಗಳಿಂದ ಸಂಯುಕ್ತ ಮಧ್ಯಾಂಕ ತೆಗೆಯಲು ಬರುವುದಿಲ್ಲ. ಮೇಡಂ ಅದನ್ನೂ ಕೇಳಿದ್ದರು. ಅದಕ್ಕೆ ನೂರೂ ಮಕ್ಕಳ ಅಂಕಪಟ್ಟಿಯೇ ಬೇಕು, ಆಯಾ ಉಪನ್ಯಾಸಕರಿಂದ ತರಿಸಿಕೊಳ್ಳಿ ಎಂದೆ.